ಎಂಟು ಲಕ್ಷ, ತಿಂಗಳಿಗೆ ನಾಲ್ಕೂವರೆ ಸಾವಿರ

ಜಗಳೂರು ಕಡೆ ನಮ್ಮ ಮಾವನವರದ್ದೊಂದು ಒಣಹೊಲ ಇತ್ತು. ಅವರು ತೀರಿಕೊಂಡ ಮೇಲೆ ನೋಡೋರಿಲ್ಲದೆ 2024ರಲ್ಲಿ ಮಾರಿದೆವು. ಅತ್ತೆಯ ಪಾಲು, ನನ್ನ ಪಾಲು ಸೇರಿ ಕೈಗೆ ಬಂದದ್ದು ಎಂಟು ಲಕ್ಷ. ದಾವಣಗೆರೆಯಲ್ಲಿ ನನ್ನದು ಹೊಲಿಗೆ ಕೆಲಸ. ಮದುವೆ ಸೀಸನ್ ಮುಗಿದರೆ ಎರಡು ಮೂರು ತಿಂಗಳು ಬರವೇ. ಆ ತಿಂಗಳುಗಳಲ್ಲಿ ಅತ್ತೆಯ ಬಿಪಿ, ಸಕ್ಕರೆ ಮಾತ್ರೆಗೂ ರೇಷನ್ನಿಗೂ ಬಡ್ಡಿಯಿಂದಲೇ ದುಡ್ಡು ಬರಬೇಕಿತ್ತು.

ಅದಕ್ಕೂ ಮೊದಲು ನನಗೊಂದು ಪೆಟ್ಟು ಬಿದ್ದಿತ್ತು. ನೂರಕ್ಕೆ ಹನ್ನೆರಡು ಬಡ್ಡಿ ಕೊಡುತ್ತಾರೆಂದು ಒಂದು ಪತ್ತಿನ ಸಹಕಾರ ಸಂಘದಲ್ಲಿ ಐವತ್ತು ಸಾವಿರ ಇಟ್ಟಿದ್ದೆ. ಹತ್ತು ತಿಂಗಳು ಬಡ್ಡಿ ಸರಿಯಾಗಿ ಬಂತು. ಆಮೇಲೆ "ಮುಂದಿನ ವಾರ ಬರ್ರಿ" ಶುರುವಾಯಿತು. ಅಸಲು ಮೂರು ಕಂತಿನಲ್ಲಿ ವಾಪಸ್ ಬರುವಷ್ಟರಲ್ಲಿ ಒಂದೂವರೆ ವರ್ಷ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕಿಗೆ, ಅದು ಸಹಕಾರಿ ಬ್ಯಾಂಕೇ ಆಗಲಿ, ಒಬ್ಬ ಠೇವಣಿದಾರರಿಗೆ ಐದು ಲಕ್ಷದವರೆಗೆ ವಿಮೆ ಇರುತ್ತದೆ. ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ. ಇದು ನನಗೆ ತಿಳಿದದ್ದು ದುಡ್ಡು ಸಿಕ್ಕಿಕೊಂಡ ಮೇಲೆ. ಹಾಗಾಗಿ ಹೊಲದ ದುಡ್ಡು ಬಂದಾಗ ಅತ್ತೆ ಹೇಳಿದ್ದು ಒಂದೇ ಮಾತು: "ಬಡ್ಡಿ ಆಸೆಗೆ ಗಂಟು ಕಳ್ಕಬ್ಯಾಡವ್ವ."

ಅಂಚೆ ಕಚೇರಿಗೆ ಹೋದೆವು. ಅತ್ತೆಗೆ 68 ವರ್ಷ. ಅರವತ್ತು ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಆಗ ಅದಕ್ಕೆ 8.2% ಬಡ್ಡಿ. ಅವರ ನಾಲ್ಕು ಲಕ್ಷ ಅಲ್ಲಿಗೆ ಹೋಯಿತು. ಬಡ್ಡಿ ಮೂರು ತಿಂಗಳಿಗೊಮ್ಮೆ, ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಖಿಗೆ ಲೆಕ್ಕ. ಒಂದು ಸಲಕ್ಕೆ 8,200 ರೂಪಾಯಿ. ನಾವು ಖಾತೆ ತೆರೆದದ್ದು ಆಗಸ್ಟ್ ನಡುವೆ, ಹಾಗಾಗಿ ಅಕ್ಟೋಬರಿನಲ್ಲಿ ಬಂದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮೋಸವಾಯಿತೇನೋ ಎಂದು ಅತ್ತೆ ಗಾಬರಿಯಾದರು, ದಿನ ಎಣಿಸಿ ತೋರಿಸಿದ ಮೇಲೆ ಸಮಾಧಾನ. ಈಗ 8,200 ಬಂದ ದಿನ ಅದನ್ನು ಪೂರ್ತಿ ತೆಗೆಯುವುದಿಲ್ಲ. ತಿಂಗಳಿಗೆ 2,733ರಂತೆ ಮೂರು ಭಾಗ ಮಾಡಿಕೊಂಡಿದ್ದೇವೆ.

ನನಗಿನ್ನೂ 52. ಹಾಗಾಗಿ ನನ್ನದರಲ್ಲಿ ಮೂರು ಲಕ್ಷ ಅಂಚೆಯ ಮಾಸಿಕ ಆದಾಯ ಯೋಜನೆಗೆ. ಅದಕ್ಕೆ 7.4%, ತಿಂಗಳಿಗೆ ಸುಮಾರು 1,850 ರೂಪಾಯಿ. ಇಟ್ಟ ದಿನದ ದರವೇ ಐದು ವರ್ಷವೂ ಇರುತ್ತದೆ, ನಡುವೆ ಸರ್ಕಾರ ದರ ಇಳಿಸಿದರೂ ನಮ್ಮದು ಇಳಿಯುವುದಿಲ್ಲ.

ಈ ಮೂರು ಲಕ್ಷವನ್ನು ಒಂದೇ ಖಾತೆಗೆ ಹಾಕದೆ ಒಂದೊಂದು ಲಕ್ಷದ ಮೂರು ಖಾತೆ ಮಾಡಿಸಿದೆ. ಕೌಂಟರಿನಲ್ಲಿದ್ದವರು "ಯಾಕಮ್ಮ ಮೂರು ಪಾಸ್‌ಬುಕ್ಕು?" ಅಂದರು. ಈ ಯೋಜನೆಯಲ್ಲಿ ಮೊದಲ ವರ್ಷ ದುಡ್ಡು ತೆಗೆಯಲು ಬರುವುದಿಲ್ಲ. ಒಂದರಿಂದ ಮೂರು ವರ್ಷದೊಳಗೆ ಖಾತೆ ಮುಚ್ಚಿದರೆ ಅಸಲಿನಲ್ಲಿ 2% ಹಿಡಿಯುತ್ತಾರೆ, ಮೂರು ವರ್ಷ ದಾಟಿದರೆ 1%. ಬೇಕಾದಷ್ಟನ್ನು ಮಾತ್ರ ತೆಗೆಯುವ ಅವಕಾಶ ಇಲ್ಲ, ಇಡೀ ಖಾತೆಯನ್ನೇ ಮುಚ್ಚಬೇಕು. ಎಂಬತ್ತು ಸಾವಿರ ಬೇಕಾಗಿ ಮೂರು ಲಕ್ಷದ ಖಾತೆ ಮುರಿದರೆ ಎರಡನೇ ವರ್ಷದಲ್ಲಿ ಆರು ಸಾವಿರ ಹೋಗುತ್ತದೆ, ಒಂದು ಲಕ್ಷದ್ದನ್ನು ಮುರಿದರೆ ಎರಡೇ ಸಾವಿರ. ಉಳಿದ ಎರಡು ಖಾತೆ ದುಡಿಯುತ್ತಲೇ ಇರುತ್ತವೆ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಫಾರಂ ತುಂಬುವಾಗ ಬಡ್ಡಿ ನೇರ ಉಳಿತಾಯ ಖಾತೆಗೆ ಹೋಗುವ ಹಾಗೆ ಖಾತೆ ನಂಬರ್ ಬರೆದುಕೊಡಲಿಲ್ಲ. ಬಡ್ಡಿ ಅಲ್ಲೇ ಕೂತಿದ್ದರೆ ಅದಕ್ಕೂ ಬಡ್ಡಿ ಬೆಳೆಯುತ್ತದೆ ಅಂದುಕೊಂಡಿದ್ದೆ. ಈ ಯೋಜನೆಯಲ್ಲಿ ತೆಗೆಯದೆ ಬಿಟ್ಟ ಬಡ್ಡಿಗೆ ಒಂದು ಪೈಸೆಯೂ ಸೇರುವುದಿಲ್ಲ. ನಾಲ್ಕು ತಿಂಗಳ ಮೇಲೆ ಪಾಸ್‌ಬುಕ್ ಹಾಕಿಸಿ ನೋಡಿದಾಗ ಗೊತ್ತಾಯಿತು. ಅವತ್ತೇ ಮೂರೂ ಖಾತೆಯನ್ನು ಅಂಚೆಯ ಉಳಿತಾಯ ಖಾತೆಗೆ ಜೋಡಿಸಿದೆ.

ಉಳಿದ ಒಂದು ಲಕ್ಷ ಬ್ಯಾಂಕಿನ ಎಫ್‌ಡಿಯಲ್ಲಿದೆ, ಅದರ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದು ಆಸ್ಪತ್ರೆಗೆ ಅಂತಲೇ ಇಟ್ಟದ್ದು. ಕಳೆದ ವರ್ಷ ಅತ್ತೆಯ ಕಣ್ಣಿನ ಪೊರೆ ತೆಗೆಸಿದಾಗ ಅಂಚೆಯ ಖಾತೆಗಳನ್ನು ಮುಟ್ಟದೆ ಕೆಲಸ ನಡೆದದ್ದು ಇದರಿಂದಲೇ.

ಅಂಚೆಯ ಎರಡೂ ಯೋಜನೆ ಸೇರಿ ತಿಂಗಳಿಗೆ 4,583 ರೂಪಾಯಿ. ಆದರೆ ಐದು ವರ್ಷದ ಮೇಲೆ ವಾಪಸ್ ಸಿಗುವುದು ಅದೇ ಏಳು ಲಕ್ಷ, ಅಕ್ಕಿ ಎಣ್ಣೆ ಅಷ್ಟರಲ್ಲಿ ಎಷ್ಟಾಗಿರುತ್ತೋ. ಅದಕ್ಕೇ ನಾಲ್ಕು ಸಾವಿರ ಮನೆಗೆ ಇಟ್ಟುಕೊಂಡು ಐನೂರನ್ನು ಅಂಚೆಯ ಆರ್‌ಡಿಗೆ ಕಟ್ಟುತ್ತಿದ್ದೇನೆ. 6.7%ರಂತೆ ಐದು ವರ್ಷಕ್ಕೆ ಅದು ಸುಮಾರು 35,700 ಆಗುತ್ತದೆ. ಏರಿದ ಬೆಲೆಯನ್ನು ಪೂರ್ತಿ ತುಂಬಲು ಅಷ್ಟು ಸಾಲದು, ಗೊತ್ತು. ಸೀಸನ್ ಚೆನ್ನಾಗಿದ್ದ ತಿಂಗಳು ಬ್ಲೌಸ್ ಹೊಲಿದ ದುಡ್ಡಿನಲ್ಲಿ ಇನ್ನೊಂದು ಐನೂರು ಉಳಿತಾಯ ಖಾತೆಯಲ್ಲೇ ಬಿಡುತ್ತೇನೆ.