ಡ್ರಿಲ್ ಬ್ಯಾಟರಿ ಚಾರ್ಜ್ ತಗೊಳ್ತಿಲ್ವಾ? ಒಂದೊಂದೇ ಸೆಲ್ ಅಳೆದು ನೋಡಿ

ಆರು ತಿಂಗಳಿಂದ ಮೂಲೆಯಲ್ಲಿದ್ದ ನನ್ನ 18 ವೋಲ್ಟ್ ಡ್ರಿಲ್ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿದೆ. ಕೆಂಪು ದೀಪ ಮಿಣುಕಿತು, ಚಾರ್ಜ್ ಆಗಲಿಲ್ಲ. ಅದೇ ಚಾರ್ಜರ್‌ನಲ್ಲಿ ಇನ್ನೊಂದು ಬ್ಯಾಟರಿ ಸರಿಯಾಗಿ ಚಾರ್ಜ್ ಆಯಿತು. ಹಾಗಾದರೆ ತೊಂದರೆ ಬ್ಯಾಟರಿಯಲ್ಲೇ ಇದೆ.

ಮೊದಲು ಬ್ಯಾಟರಿ ಬಿಸಿಯಾಗಿದೆಯಾ ನೋಡಿ. ಈಗಷ್ಟೇ ಕೆಲಸ ಮಾಡಿ ಬಿಸಿಯಾಗಿದ್ದರೆ ಚಾರ್ಜರ್ ಸುಮ್ನೆ ಕಾಯುತ್ತಿರುತ್ತದೆ. ಒಂದು ಗಂಟೆ ಬಿಟ್ಟು ಮತ್ತೆ ಹಾಕಿ. ಉಬ್ಬಿದ್ದರೆ, ಒದ್ದೆಯಾಗಿದ್ದರೆ, ಸೋರಿದ ವಾಸನೆ ಬಂದರೆ ಬಿಚ್ಚಲೇಬೇಡಿ.

ಆಮೇಲೆ ಕೈಯಲ್ಲಿರುವ ಉಂಗುರ ತೆಗೆದಿಟ್ಟು ಪ್ಯಾಕ್ ಬಿಚ್ಚಿ. ಸ್ಕ್ರೂಗಳು ಸಾಮಾನ್ಯವಾಗಿ ನಕ್ಷತ್ರದ ಆಕಾರದವು. ಒಳಗೆ ಐದು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿರುತ್ತವೆ. ದೊಡ್ಡ ಪ್ಯಾಕ್ ಆದರೆ ಐದು ಜೋಡಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗಿಟ್ಟು ಪ್ರತಿ ಸೆಲ್‌ನ ಎರಡು ತುದಿ ಮುಟ್ಟಿಸಿ. ಮೀಟರಿನ ಕಡ್ಡಿ ಜಾರಿ ಸೆಲ್‌ಗಳನ್ನು ಜೋಡಿಸುವ ಎರಡು ಲೋಹದ ಪಟ್ಟಿಗೆ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ, ಹುಷಾರು.

ನನ್ನ ಪ್ಯಾಕ್‌ನಲ್ಲಿ ಸಿಕ್ಕಿದ್ದು 3.52, 3.51, 3.52, 3.50, ಕೊನೆಯದು 2.41. ಒಟ್ಟು 16.46 ವೋಲ್ಟ್. ಒಟ್ಟು ಮಾತ್ರ ನೋಡಿದ್ದರೆ ಏನೂ ತಪ್ಪು ಕಾಣುತ್ತಿರಲಿಲ್ಲ, ಅಲ್ವಾ? ಆದರೆ ಒಳಗಿನ ರಕ್ಷಣಾ ಬೋರ್ಡ್ ಒಂದೊಂದು ಸೆಲ್ಲನ್ನೂ ನೋಡುತ್ತದೆ. ಒಂದು ಸೆಲ್ ಮಿತಿಗಿಂತ ಕೆಳಗಿಳಿದರೂ ಚಾರ್ಜರ್‌ಗೆ ದಾರಿ ಮುಚ್ಚಿಬಿಡುತ್ತದೆ. ಎಷ್ಟೋ ಪ್ಯಾಕ್‌ಗಳಲ್ಲಿ ಸೆಲ್‌ಗಳನ್ನು ಸಮ ಮಾಡುವ ವ್ಯವಸ್ಥೆಯೇ ಇಲ್ಲ. ಬೋರ್ಡ್ ತನ್ನ ಕೆಲಸಕ್ಕೆ ಒಂದೇ ಸೆಲ್‌ನಿಂದ ಕರೆಂಟ್ ಹೀರಿದರೆ, ಸುಮ್ನೆ ಇಟ್ಟಾಗಲೂ ಆ ಸೆಲ್ ಇಳಿಯುತ್ತಾ ಹೋಗುತ್ತದೆ.

ಸೆಲ್ 2 ವೋಲ್ಟ್‌ಗಿಂತ ಕೆಳಗಿದ್ದರೆ ಆಸೆ ಬಿಡಿ. ಅಷ್ಟು ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗಿರಬಹುದು. ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಇನ್ನೊಂದು ತುಂಬಿದ ಬ್ಯಾಟರಿಗೆ ತಂತಿ ಕೊಟ್ಟು ಎಬ್ಬಿಸುವುದನ್ನು ಕೆಲವರು ತೋರಿಸುತ್ತಾರೆ. ದಯವಿಟ್ಟು ಮಾಡಬೇಡಿ. ಅಲ್ಲಿ ಕರೆಂಟಿಗೆ ಕಡಿವಾಣವೇ ಇರುವುದಿಲ್ಲ.

ನನ್ನದು 2.41 ಇತ್ತು, ಹಾಗಾಗಿ ಪ್ರಯತ್ನಿಸಿದೆ. ವೋಲ್ಟ್ ಮತ್ತು ಕರೆಂಟ್ ಎರಡನ್ನೂ ಹೊಂದಿಸಬಹುದಾದ ಪವರ್ ಸಪ್ಲೈಯನ್ನು 3.5 ವೋಲ್ಟ್, 0.15 ಆಂಪಿಯರ್‌ಗೆ ಇಟ್ಟು, ಪ್ಲಸ್ ಮೈನಸ್ ಎರಡು ಸಲ ನೋಡಿಕೊಂಡು ಆ ಸೆಲ್‌ಗೆ ಮಾತ್ರ ಕೊಟ್ಟೆ. ಉರಿಯುವ ವಸ್ತು ಯಾವುದೂ ಹತ್ತಿರ ಇಟ್ಟಿರಲಿಲ್ಲ, ಎದ್ದೂ ಹೋಗಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬೆರಳಿಟ್ಟು ನೋಡಿದೆ. ಬೆಚ್ಚಗಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಸುಮಾರು ಎರಡೂವರೆ ಗಂಟೆಯಲ್ಲಿ ಉಳಿದವುಗಳ ಮಟ್ಟಕ್ಕೆ ಬಂತು.

ಇಲ್ಲಿ ಅವಸರ ಬೇಡ. ತಂತಿ ತೆಗೆದು ಒಂದು ಗಂಟೆ ಬಿಟ್ಟು ಅಳೆದು ಬರೆದಿಡಿ, ಮರುದಿನ ಮತ್ತೆ ಅಳೆಯಿರಿ. ಉಳಿದ ಸೆಲ್‌ಗಳು ಹಾಗೇ ಇದ್ದು ಇದೊಂದೇ 0.1 ವೋಲ್ಟ್‌ನಷ್ಟು ಇಳಿದಿದ್ದರೆ ಸೆಲ್‌ನ ಚಾರ್ಜ್ ಒಳಗೇ ಸೋರುತ್ತಿದೆ. ಅಂಥ ಪ್ಯಾಕನ್ನು ತುದಿಗಳಿಗೆ ಟೇಪ್ ಸುತ್ತಿ ಬ್ಯಾಟರಿ ಮರುಬಳಕೆಗೆ ಕೊಡಿ.

ನನ್ನದು 3.47ರಲ್ಲಿ ನಿಂತಿತ್ತು. ಪ್ಯಾಕ್ ಮುಚ್ಚಿ ಚಾರ್ಜರ್‌ಗೆ ಹಾಕಿದೆ, ಈ ಸಲ ದೀಪ ಮಿಣುಕಲಿಲ್ಲ. ಕೆಲವು ಬೋರ್ಡ್‌ಗಳು ಮಾತ್ರ ಹಲವು ಸಲ ಚಾರ್ಜ್ ವಿಫಲವಾದರೆ ಕಾಯಂ ಬೀಗ ಹಾಕಿಕೊಳ್ಳುತ್ತವೆ. ಸೆಲ್‌ಗಳು ಸಮವಾಗಿದ್ದರೂ ಚಾರ್ಜ್ ಆಗದಿದ್ದರೆ ಅದೇ ಕಾರಣ ಇರಬಹುದು. ಪೂರ್ತಿ ತುಂಬಿದ ಮೇಲೆ ನಾಲ್ಕು ಸೆಲ್‌ಗಳಲ್ಲಿ 4.18, ಆ ಐದನೆಯದರಲ್ಲಿ 4.14 ಇತ್ತು. ಈಗ ತಿಂಗಳಿಗೊಮ್ಮೆ ಅಳೆಯುತ್ತಿದ್ದೇನೆ.