ಎರಡು ಟೇಪಿನ ಊಹೆಯ ಯಂತ್ರವನ್ನು ಒಂದೇ ಟೇಪಿಗೆ ಇಳಿಸುವ ಬಗೆ

ತುಮಕೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಆಟೋಮೇಟಾ ಪಾಠ ಮಾಡುವಾಗ ಬಹುಟೇಪಿಗೆ ಒಂದು ಉದಾಹರಣೆ, ನಾನ್‌ಡಿಟರ್ಮಿನಿಸಂಗೆ ಇನ್ನೊಂದು ಅಂತ ನಾನು ಕೊಡುವುದಿಲ್ಲ. ಎರಡೂ ಇರುವ ಒಂದೇ ಟ್ಯೂರಿಂಗ್ ಯಂತ್ರ ಹಿಡಿದು, ಮೊದಲು ಅದರ ಊಹೆಯನ್ನು ತೆಗೆಯುತ್ತೇನೆ, ಆಮೇಲೆ ಹೆಚ್ಚಿನ ಟೇಪುಗಳನ್ನು ತೆಗೆಯುತ್ತೇನೆ. ಕೊನೆಗೆ ಉಳಿಯುವುದು ಒಂದೇ ಟೇಪಿನ, ಊಹೆ ಮಾಡದ ಸಾದಾ ಯಂತ್ರ. ಅದು ಒಪ್ಪುವ ಸ್ಟ್ರಿಂಗುಗಳು ಮೊದಲಿನವೇ.

ಭಾಷೆ ಇದು: a, b ಅಕ್ಷರಗಳ ಮೇಲಿನ `ww`, ಅಂದರೆ ಒಂದು ತುಂಡು ಹಾಗೇ ಎರಡು ಸಲ ಬರುವ ಸ್ಟ್ರಿಂಗುಗಳು. `abab` ಇದರಲ್ಲಿದೆ, `abba` ಇಲ್ಲ. ಮಧ್ಯ ಎಲ್ಲಿದೆ ಎಂದು ತಿಳಿಯುವುದೇ ಕಷ್ಟ, ಆದ್ದರಿಂದ ಯಂತ್ರ ಅದನ್ನು ಊಹಿಸುತ್ತದೆ. ಮೊದಲ ಹೆಜ್ಜೆಯಲ್ಲಿ ಎರಡನೇ ಟೇಪಿನ ಶುರುವಿಗೆ `$` ಬರೆದು, ಆ ಹೆಡ್ಡನ್ನು ಒಂದು ಮನೆ ಬಲಕ್ಕೆ ಸರಿಸಿ `q0`ಗೆ ಹೋಗುತ್ತದೆ. `q0`ನಲ್ಲಿ ಎರಡು ಆಯ್ಕೆ. ಆಯ್ಕೆ 1: ಒಂದನೇ ಟೇಪಿನ ಅಕ್ಷರವನ್ನು ಎರಡನೆಯದಕ್ಕೆ ನಕಲು ಮಾಡಿ ಎರಡೂ ಹೆಡ್ಡನ್ನು ಬಲಕ್ಕೆ ಸರಿಸು. ಆಯ್ಕೆ 2: ಮಧ್ಯ ಬಂತು ಎಂದುಕೊಂಡು, ಒಂದನೇ ಹೆಡ್ಡನ್ನು ಅಲ್ಲೇ ಬಿಟ್ಟು ಎರಡನೆಯದನ್ನು ಎಡಕ್ಕೆ ಸರಿಸಿ `q1`ಗೆ ಹೋಗು. `q1`ನಲ್ಲಿ ಎರಡನೇ ಹೆಡ್ `$` ಸಿಗುವವರೆಗೆ ಎಡಕ್ಕೆ ಹೋಗುತ್ತದೆ, ಸಿಕ್ಕಿದ ಮೇಲೆ ಒಂದು ಮನೆ ಬಲಕ್ಕೆ ಬಂದು `q2`. ಅಲ್ಲಿ ಎರಡೂ ಟೇಪಿನ ಅಕ್ಷರಗಳನ್ನು ಹೋಲಿಸುತ್ತಾ ಬಲಕ್ಕೆ ನಡೆಯುತ್ತದೆ. ಎರಡರಲ್ಲೂ ಒಟ್ಟಿಗೆ ಖಾಲಿ ಸಿಕ್ಕರೆ ಒಪ್ಪಿಗೆ. ಅಕ್ಷರ ಬೇರೆಯಾದರೆ, ಅಥವಾ ಒಂದರಲ್ಲಿ ಮಾತ್ರ ಖಾಲಿ ಬಂದರೆ, ಮುಂದಿನ ಹೆಜ್ಜೆಯೇ ಇಲ್ಲ. ಆ ಕವಲು ಅಲ್ಲೇ ಸತ್ತಂತೆ.

ಈಗ ಊಹೆ ತೆಗೆಯೋಣ. ಪ್ರತಿ ಹೆಜ್ಜೆಯಲ್ಲೂ ಯಾವ ಆಯ್ಕೆ ಹಿಡಿಯಬೇಕು ಎಂದು ಬರೆದ ಅಂಕಿಗಳ ಸಾಲನ್ನು ವಿಳಾಸ ಎನ್ನುತ್ತೇವೆ. ಟೌನ್‌ಹಾಲ್ ಸರ್ಕಲ್‌ನಿಂದ ಎಡಕ್ಕೆ, ಮತ್ತೆ ಎಡಕ್ಕೆ, ಆಮೇಲೆ ಬಲಕ್ಕೆ ಅಂತ ದಾರಿ ಹೇಳಿದ ಹಾಗೆ. ಆಯ್ಕೆ ಒಂದೇ ಇರುವ ಹೆಜ್ಜೆಗೆ 1 ಬರೆಯಬೇಕು; ಅಲ್ಲಿ 2 ಬಂದರೆ ಆ ವಿಳಾಸ ಸುಳ್ಳು, ಬಿಟ್ಟುಬಿಡಬೇಕು. `abab`ಗೆ ಸರಿಯಾದ ವಿಳಾಸ `1112111111`. ಮೊದಲ 1 `$` ಬರೆಯಲು, ಮುಂದಿನ ಎರಡು a, b ನಕಲಿಗೆ, 2 ಮಧ್ಯದ ಊಹೆಗೆ, ಮೂರು 1 ವಾಪಸ್ ಹೋಗಿ `$` ಮುಟ್ಟಿ ಬರಲು, ಎರಡು ಹೋಲಿಕೆಗೆ, ಕೊನೆಯದು ಎರಡೂ ಖಾಲಿ ಎಂದು ಕಂಡು ಒಪ್ಪಲು. ಒಟ್ಟು 10 ಹೆಜ್ಜೆ.

ಹೊಸ ಯಂತ್ರಕ್ಕೆ ನಾಲ್ಕು ಟೇಪು ಬೇಕು: ಯಾವತ್ತೂ ಮುಟ್ಟದ ಮೂಲ ಇನ್‌ಪುಟ್, ಹಳೆಯ ಯಂತ್ರದ ಎರಡು ಟೇಪು, ಮತ್ತು ವಿಳಾಸ. ಒಂದೊಂದು ವಿಳಾಸಕ್ಕೂ ಹಳೆಯ ಎರಡು ಟೇಪನ್ನು ಅಳಿಸಿ, ಇನ್‌ಪುಟ್ಟನ್ನು ಹೊಸದಾಗಿ ನಕಲು ಮಾಡಿ, ವಿಳಾಸ ಹೇಳಿದಂತೆ ಓಡಿಸಿ, ವಿಳಾಸ ಮುಗಿದ ತಕ್ಷಣ ನಿಲ್ಲಿಸುತ್ತೇವೆ. ವಿಳಾಸಗಳು ಬರಬೇಕಾದ ಕ್ರಮ ಹೀಗೆ:

```python
from itertools import count, product
for n in count(0):
    for addr in product("12", repeat=n):
        if run(word, addr) == "accept":
            raise SystemExit("accept")
```

ಚಿಕ್ಕವು ಮೊದಲು, ಒಂದೇ ಉದ್ದದವು ಅಂಕಿಯ ಕ್ರಮದಲ್ಲಿ. 9 ಅಂಕಿಯವರೆಗಿನ ವಿಳಾಸಗಳು, ಖಾಲಿ ವಿಳಾಸವೂ ಸೇರಿ, 1023. ನಮ್ಮ ವಿಳಾಸ 10 ಅಂಕಿಯವುಗಳಲ್ಲಿ 65ನೆಯದು. ಹೀಗಾಗಿ 1088ನೇ ಓಟದಲ್ಲಿ `abab` ಒಪ್ಪಿಗೆಯಾಗುತ್ತದೆ. ಕೈಯಲ್ಲಿ ಬರೆದ ಸಿಮ್ಯುಲೇಟರ್ ಬೇರೆ ಸಂಖ್ಯೆ ತೋರಿಸಿದರೆ ಮೊದಲು ಖಾಲಿ ವಿಳಾಸವನ್ನು ಎಣಿಸಿದ್ದೀರಾ ನೋಡಿ. ಸಾಮಾನ್ಯವಾಗಿ ತಪ್ಪು ಅಲ್ಲೇ ಇರುತ್ತದೆ.

ಒಂದು ಕವಲನ್ನು ಕೊನೆ ಮುಟ್ಟುವವರೆಗೂ ಹಿಡಿದು ಆಮೇಲೆ ಇನ್ನೊಂದಕ್ಕೆ ಹೋದರೆ ಆಗದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಗದು. `q0`ನಲ್ಲಿ ಖಾಲಿ ಮನೆ ಓದಿದಾಗಲೂ ನಕಲು ಮಾಡಬಹುದು ಎಂದು ಆಯ್ಕೆ 1ನ್ನು ಸಡಿಲವಾಗಿ ಬರೆದಿದ್ದೀರಿ ಎಂದುಕೊಳ್ಳಿ. ಆಗ `1111…` ಎಂಬ ಕವಲಿಗೆ ಕೊನೆಯೇ ಇಲ್ಲ. ಮೊದಲು ಅದಕ್ಕೇ ಇಳಿದ ಯಂತ್ರ ಹಿಂದಿರುಗುವುದಿಲ್ಲ. ಒಪ್ಪುವ ಕವಲು 10 ಹೆಜ್ಜೆಯಲ್ಲೇ ಇದ್ದರೂ ಅದಕ್ಕೆ ಸಿಗುವುದಿಲ್ಲ. ಉದ್ದದ ಕ್ರಮದಲ್ಲಿ ಹೋದರೆ ಪ್ರತಿ ಓಟಕ್ಕೂ ವಿಳಾಸದ ಉದ್ದವೇ ಮಿತಿ. ಒಪ್ಪುವ ಕವಲು ಇದ್ದರೆ ಅದರ ಸರದಿ ಬಂದೇ ಬರುತ್ತದೆ. ಇಲ್ಲದಿದ್ದರೆ ಯಂತ್ರ ಯಾವತ್ತೂ ಒಪ್ಪುವುದಿಲ್ಲ, ಮತ್ತು ಭಾಷೆಯನ್ನು ಗುರುತಿಸಲು ಅಷ್ಟು ಸಾಕು. ತಿರಸ್ಕರಿಸಿ ನಿಲ್ಲಬೇಕು ಎಂದಿದ್ದರೆ ಇನ್ನೊಂದು ಪರೀಕ್ಷೆ ಸೇರಿಸಿ: ಒಂದು ಉದ್ದದ ವಿಳಾಸಗಳಲ್ಲಿ ಒಂದೂ ಕೊನೆಯ ಅಂಕಿಯವರೆಗೆ ಬದುಕಿ ಉಳಿಯದಿದ್ದರೆ ತಿರಸ್ಕರಿಸು.

ಇನ್ನು ಟೇಪುಗಳು. ನಾಲ್ಕಕ್ಕೂ ವಿಧಾನ ಒಂದೇ ಆದ್ದರಿಂದ ಹಳೆಯ ಎರಡನ್ನೇ ತೋರಿಸುತ್ತೇನೆ. ಎಲ್ಲವನ್ನೂ `#` ಹಾಕಿ ಒಂದೇ ಸಾಲಿನಲ್ಲಿ ಬರೆಯುತ್ತೇವೆ, ಹೆಡ್ ಇರುವ ಅಕ್ಷರಕ್ಕೆ ಗುರುತು ಹಾಕುತ್ತೇವೆ. `a'` ಎಂಬುದು ಎರಡು ಚಿಹ್ನೆಯಲ್ಲ, ಒಂದೇ ಹೊಸ ಅಕ್ಷರ. ಮೂರು ಹೆಜ್ಜೆ ಆದ ಮೇಲೆ ಸಾಲು ಹೀಗಿರುತ್ತದೆ. ಆಮೇಲೆ ಮಧ್ಯ ಊಹಿಸದೆ ನಕಲನ್ನೇ ಮುಂದುವರಿಸಿದರೆ ಎರಡನೇ ಮತ್ತು ಮೂರನೇ ಸಾಲು:

```
# a b a' b # $ a b _' #
# a b a b' # $ a b a _' #
# a b a b _' # $ a b a b _' #
```

ಹಳೆಯ ಯಂತ್ರದ ಒಂದು ಹೆಜ್ಜೆಗೆ ಇಲ್ಲಿ ಎರಡು ಪೂರ್ತಿ ಓಡಾಟ. ಮೊದಲ ಸಲ ಎಡದಿಂದ ಬಲಕ್ಕೆ ಹೋಗಿ ಗುರುತಿರುವ ಅಕ್ಷರಗಳನ್ನು ಸ್ಟೇಟಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಟೇಪುಗಳ ಸಂಖ್ಯೆಯೂ ಅಕ್ಷರಗಳೂ ಮೊದಲೇ ನಿಗದಿ, ಹಾಗಾಗಿ ಬೇಕಾದ ಸ್ಟೇಟುಗಳು ಲೆಕ್ಕಕ್ಕೆ ಸಿಗುವಷ್ಟೇ. ಎರಡನೇ ಸಲ ಆ ಅಕ್ಷರಗಳನ್ನು ಬದಲಿಸಿ ಗುರುತು ಸರಿಸುತ್ತದೆ.

ಕಷ್ಟ ಬರುವುದು ಮೂರನೇ ಸಾಲಿನಂಥ ಕಡೆ. ಒಂದನೇ ಹೆಡ್ ಬಲಕ್ಕೆ ಸರಿದು `#` ಮೇಲೆ ನಿಂತಿತು, ಅಲ್ಲಿ ಮನೆಯಿಲ್ಲ. ಆ `#`ನಿಂದ ಹಿಡಿದು ಕೊನೆಯ `#`ವರೆಗೆ ಎಲ್ಲವನ್ನೂ ಒಂದೊಂದು ಮನೆ ಬಲಕ್ಕೆ ತಳ್ಳಿ, ತೆರವಾದ ಕಡೆ `_'` ಬರೆಯಬೇಕು. ತಳ್ಳುವಾಗ ಯಂತ್ರ ಓದಿದ ಅಕ್ಷರವನ್ನು ಸ್ಟೇಟಿನಲ್ಲಿ ಹೊತ್ತು ಮುಂದಿನ ಮನೆಯಲ್ಲಿ ಇಳಿಸುತ್ತದೆ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತೇನೆ. `b`ಯನ್ನೂ `b'`ಯನ್ನೂ ಒಂದೇ ಸ್ಟೇಟಿನಲ್ಲಿ ಹೊತ್ತರೆ ಎರಡನೇ ಟೇಪಿನ ಗುರುತು ದಾರಿಯಲ್ಲೇ ಕಳೆದುಹೋಗುತ್ತದೆ. ಮುಂದಿನ ಓಡಾಟದಲ್ಲಿ ಎರಡು ಗುರುತಿನ ಬದಲು ಒಂದೇ ಸಿಕ್ಕರೆ ಕಾರಣ ಇದೇ. ಇನ್ನೊಂದು, ಒಳಗಿನ ಖಾಲಿಗೂ ನಿಜವಾದ ಟೇಪಿನ ಖಾಲಿಗೂ ಒಂದೇ ಚಿಹ್ನೆ ಬಳಸುವುದು. ಆಗ ತಳ್ಳುವ ಕೆಲಸ ಒಳಗಿನ ಖಾಲಿಯಲ್ಲೇ ನಿಂತು ಅದರ ಬಲಗಡೆಯದು ಸರಿಯದೆ ಉಳಿಯುತ್ತದೆ. ಇದಕ್ಕೇ ಒಳಗಿನದಕ್ಕೆ `_` ಎಂಬ ಪ್ರತ್ಯೇಕ ಅಕ್ಷರ.

ಉಲ್ಟಾ ದಿಕ್ಕಿಗೆ ಕೆಲಸವೇ ಇಲ್ಲ: ಒಂದು ಟೇಪಿನ ಯಂತ್ರವೆಂದರೆ ಉಳಿದ ಟೇಪು ಬಳಸದ ಬಹುಟೇಪ್ ಯಂತ್ರ, ಊಹೆಯಿಲ್ಲದ ಯಂತ್ರವೆಂದರೆ ಎಲ್ಲೆಡೆ ಒಂದೇ ಆಯ್ಕೆಯಿರುವ ಊಹೆಯ ಯಂತ್ರ.

ಭಾಷೆ ಒಂದೇ ಆದರೂ ಸಮಯ ಒಂದೇ ಅಲ್ಲ. ಬಹುಟೇಪಿನ t ಹೆಜ್ಜೆ ಒಂದು ಟೇಪಿನಲ್ಲಿ t²ದ ಆಸುಪಾಸಿಗೆ ಬೆಳೆಯುತ್ತದೆ, ಏಕೆಂದರೆ ಸಾಲಿನ ಉದ್ದ t ಜೊತೆ ಬೆಳೆಯುತ್ತದೆ, ಪ್ರತಿ ಹೆಜ್ಜೆಗೂ ಅದನ್ನು ಪೂರ್ತಿ ಸುತ್ತಬೇಕು. ಪ್ಯಾಲಿಂಡ್ರೋಮ್‌ಗೆ ಒಂದು ಟೇಪಿನಲ್ಲಿ n² ತಪ್ಪಿಸಲಾಗದು ಎಂದು ಹೆನ್ನಿ 1965ರಲ್ಲೇ ಸಾಧಿಸಿದ. ವಿಳಾಸಗಳ ಖರ್ಚು ಇದಕ್ಕಿಂತ ಬಹಳ ದೊಡ್ಡದು, t ಹೆಜ್ಜೆಗೆ 2ರ ಘಾತವಾಗಿ ಏರುತ್ತದೆ. ಅದನ್ನು ಯಾವಾಗಲೂ ಬಹುಪದಕ್ಕೆ ಇಳಿಸಬಹುದೇ ಎಂಬುದೇ P ಮತ್ತು NP ಪ್ರಶ್ನೆ.

ಪುಶ್‌ಡೌನ್ ಆಟೋಮೇಟಾಗೆ ಮಾತ್ರ ಈ ವಿಧಾನ ಒಗ್ಗುವುದಿಲ್ಲ. ಸಮ ಉದ್ದದ ಪ್ಯಾಲಿಂಡ್ರೋಮನ್ನು ಊಹಿಸುವ ಪುಶ್‌ಡೌನ್ ಯಂತ್ರ ಗುರುತಿಸುತ್ತದೆ, ಊಹಿಸದ್ದಕ್ಕೆ ಅದು ಸಾಧ್ಯವೇ ಇಲ್ಲ. ಒಂದು ಊಹೆ ತಪ್ಪಾದರೆ ಇನ್‌ಪುಟ್ಟನ್ನು ಮೊದಲಿನಿಂದ ಓದಲು ಅದಕ್ಕೆ ಅವಕಾಶವಿಲ್ಲ, ಸ್ಟ್ಯಾಕಿನಿಂದ ತೆಗೆದದ್ದು ಮರಳಿ ಬರುವುದಿಲ್ಲ, ಮುಂದಿನ ವಿಳಾಸ ಬರೆದಿಟ್ಟುಕೊಳ್ಳಲು ಬೇರೆ ಜಾಗವೂ ಇಲ್ಲ.