ಮಾಡ್ಯುಲಸ್ ಇಂಟಿಗ್ರಲ್: ಚಿಹ್ನೆ ನೋಡದೆ ಮಾಡುವ ನನ್ನ ದಾರಿ

ಸೆಕೆಂಡ್ ಪಿಯು ಹುಡುಗರಿಗೆ ಟ್ಯೂಷನ್ ಹೇಳುತ್ತಾ ಹತ್ತು ಹನ್ನೆರಡು ವರ್ಷ ಆಗಿರಬೇಕು. ನನ್ನನ್ನು ಜಾಸ್ತಿ ಸತಾಯಿಸಿದ್ದು ಈ ಲೆಕ್ಕ: 0 ಯಿಂದ 4 ರವರೆಗೆ |x² − 4x + 3|. ಒಮ್ಮೆ ಅವಸರದಲ್ಲಿ ನಾನೇ ಉತ್ತರ 4/3 ಎಂದು ಹಾಕಿ ಹಾಳೆ ಹಂಚಿದ್ದೆ. ಒಡೆಯದೆ ಇಂಟಿಗ್ರೇಟ್ ಮಾಡಿದ್ದೆ, ಅಷ್ಟೇ. ಮತ್ತೆ ಝೆರಾಕ್ಸ್ ಮಾಡಿಸಲು ಆರುನೂರೋ ಏಳುನೂರೋ ರೂಪಾಯಿ ಹೋಯಿತು. ಮರ್ಯಾದೆ ಬೇರೆ.

ಆಮೇಲೆ ಚಿಹ್ನೆಯ ಪಟ್ಟಿ ಹಾಕಿಸಿ ನೋಡಿದೆ. 1 ಮತ್ತು 3 ರಲ್ಲಿ ಒಡೆಯುವುದು ಸರಿಯಾಗುತ್ತಿತ್ತು. ಆದರೆ ನಡುವಿನ ತುಂಡಿಗೆ ಮೈನಸ್ ಹಾಕುವಾಗ ಅರ್ಧ ಹುಡುಗರು ಬ್ರಾಕೆಟ್ ಮರೆಯುತ್ತಿದ್ದರು.

ಈಗ ಹೀಗೆ ಮಾಡಿಸುತ್ತೇನೆ. ಮಾಡ್ಯುಲಸ್ ಇಲ್ಲ ಎಂದುಕೊಂಡು ಇಂಟಿಗ್ರೇಟ್ ಮಾಡಿ: F = x³/3 − 2x² + 3x. ಶುರು, ಒಡೆಯುವ ಬಿಂದುಗಳು, ಕೊನೆ, ಅಂದರೆ 0, 1, 3, 4 ರಲ್ಲಿ F ಬೆಲೆ ಸಾಲಾಗಿ ಬರೆಯಿರಿ:

0, 4/3, 0, 4/3

ಪಕ್ಕಪಕ್ಕದ ವ್ಯತ್ಯಾಸಗಳನ್ನು ಧನವಾಗಿಯೇ ಕೂಡಿಸಿ. 4/3 ಮೂರು ಸಲ, ಉತ್ತರ 4. ಬೆಟ್ಟ ಹತ್ತಿ ಇಳಿದರೆ ಎರಡೂ ನಡಿಗೆಯೇ ಅಲ್ವಾ? ಚಿಹ್ನೆ ನೋಡುವ ಮಾತೇ ಇಲ್ಲ.

ಜೊತೆಗೆ ಪಾಠ ಮಾಡುವ ಮೇಷ್ಟ್ರೊಬ್ಬರು "ಚಿಹ್ನೆ ನೋಡದೆ ಹೆಂಗ್ರೀ ಬರುತ್ತೆ? ಒಂದೆರಡಕ್ಕೆ ಅದೃಷ್ಟ" ಎಂದು ನಕ್ಕಿದ್ದರು. ಸುಮಾರು ಮೂವತ್ತು ಲೆಕ್ಕ ಎರಡೂ ರೀತಿಯಲ್ಲಿ ಮಾಡಿ ಅವರ ಮುಂದಿಟ್ಟೆ. ಒಂದೂ ತಪ್ಪಲಿಲ್ಲ. ಈಗ ಅವರ ಬ್ಯಾಚಲ್ಲೂ ಇದೇ ನಡೆಯುತ್ತಿದೆ.

ಸುಮ್ನೆ ಕುತೂಹಲಕ್ಕೆ ಬೇಡದ 2 ನ್ನೂ ಸೇರಿಸಿ ನೋಡಿದೆ. F(2) = 2/3. ಸಾಲು 0, 4/3, 2/3, 0, 4/3. ಮೊತ್ತ ಮತ್ತೆ 4. ಹೆಚ್ಚಿನ ಬಿಂದು ಕೆಡಿಸುವುದಿಲ್ಲ. ಬಿಟ್ಟುಹೋದ ಬಿಂದು ಕೆಡಿಸುತ್ತದೆ: 3 ನ್ನು ಮರೆತರೆ ಅದೇ ಹಾಳು 4/3 ಬರುತ್ತದೆ.

ಎಲ್ಲ ಕಡೆಯೂ ಇದು ನಡೆಯದು. |x − 1| + |x − 3| ಇದ್ದರೆ ಎರಡನ್ನೂ ಬೇರೆಬೇರೆ ಮಾಡಿ ಕೂಡಿಸಬೇಕು. F ನಡುವೆ ಎಲ್ಲೂ ಹಾರಬಾರದು. ಟ್ಯಾನ್ ಇನ್‌ವರ್ಸ್ ಬಂದಾಗ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿಗೆ ಇದು ಹೇಳಿ ಮಾಡಿಸಿದ್ದು. ಬೋರ್ಡ್ ಪರೀಕ್ಷೆಯಲ್ಲಿ ಮಾತ್ರ ತುಂಡುಗಳನ್ನು ಬಿಡಿಸಿಯೇ ಬರೆಯಿರಿ, ಹಂತಕ್ಕೆ ಅಂಕ ಇದೆ.

0 ಯಿಂದ 2 ರವರೆಗೆ [x²] ಬಂದರೆ ಈ ಸಾಲಿನ ಆಟ ಬೇಡ. ಹುಡುಗರು 1 ರಲ್ಲಿ ಮಾತ್ರ ಒಡೆಯುತ್ತಾರೆ. ನಿಯಮ ಬದಲಾಗುವುದು x² ಪೂರ್ಣಾಂಕ ಆದಾಗ, ಅಂದರೆ 1, √2, √3 ರಲ್ಲಿ. ತುಂಡುಗಳಲ್ಲಿ ಬೆಲೆ 0, 1, 2, 3. ಆಯತಗಳನ್ನು ಕೂಡಿಸಿದರೆ 5 − √2 − √3, ಸುಮಾರು 1.85. ಇದನ್ನು ಒಂದೇ ಗೆರೆಯಲ್ಲಿ ಬರೆಯುವ ಉಪಾಯ ನನ್ನ ಹತ್ತಿರ ಇದೆ. ಅದು ಸದ್ಯಕ್ಕೆ ಫೀಸು ಕೊಟ್ಟವರಿಗೆ!